ಹಳೆ ಫೋಟೋದ ಮೂಲೆಯಲ್ಲಿರುವ ಕಿತ್ತಳೆ ತಾರೀಖು: ಗ್ರೇನ್ ಕೆಡದಂತೆ ತೆಗೆಯುವುದು ಹೇಗೆ?

ಪ್ರಶ್ನೆ: ಅಮ್ಮ ಮತ್ತು ಅಕ್ಕ ಇರುವ ಹಳೆ ಪ್ರಿಂಟ್ ಒಂದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ್ದೇನೆ. ಬಲಗಡೆ ಕೆಳಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ '94 7 16 ಅಂತ ಇದೆ. ಮೊದಲ ಅಂಕಿಗಳು ಬೂದು ಗೋಡೆಯ ಮೇಲೆ, ಕೊನೆಯ 16 ಅಕ್ಕನ ಪಟ್ಟೆ ಫ್ರಾಕ್ ಮೇಲೆ. ಫೋಟೋಶಾಪ್‌ನಲ್ಲಿ ಪಕ್ಕದ ಜಾಗವನ್ನು ಅಂಕಿಗಳ ಮೇಲೆ ಕ್ಲೋನ್ ಮಾಡಿದೆ. ಅಂಕಿ ಹೋಯ್ತು, ಆದರೆ ಫಿಲ್ಮ್‌ನ ಸಣ್ಣ ಚುಕ್ಕೆಗಳು, ಅಂದರೆ ಗ್ರೇನ್, ಇಲ್ಲದೆ ಆ ಜಾಗ ಮಾತ್ರ ನುಣ್ಣಗೆ, ಒರೆಸಿದ ಹಾಗೆ ಕಾಣುತ್ತದೆ. ಏನು ತಪ್ಪಾಯಿತು?

ಸದಸ್ಯ 1: ಸುಲಭ ಸರ್. ಆ ಜಾಗಕ್ಕೆ `Add Noise` ಹಾಕಿಬಿಡಿ, ಗ್ರೇನ್ ವಾಪಸ್ ಬರುತ್ತೆ.

ಸದಸ್ಯೆ 2: ನೆಗೆಟಿವ್ ಇದ್ದರೆ ಅದನ್ನೇ ಸ್ಕ್ಯಾನ್ ಮಾಡಿ. ತಾರೀಖು ಪ್ರಿಂಟ್ ಮೇಲೆ ಮಾತ್ರ ಇರುತ್ತದೆ ಅಲ್ವಾ?

ರೀಟಚಿಂಗ್ ಕೆಲಸದವರು: ಮೇಡಂ, ಇಂಥ ಹೊಳೆಯುವ ಕಿತ್ತಳೆ ಅಂಕಿಗಳನ್ನು ಕ್ಯಾಮೆರಾ ಒಳಗಿನ ಪುಟ್ಟ ದೀಪ ಫಿಲ್ಮ್ ಮೇಲೇ ಬರೆದಿರುತ್ತದೆ. ಹಾಗಾಗಿ ನೆಗೆಟಿವ್‌ನಲ್ಲೂ ಇರುತ್ತದೆ.

ಸರ್, ನಿಮ್ಮ ಬ್ರಷ್‌ನ ಅಂಚು ತುಂಬಾ ಮೃದುವಾಗಿತ್ತು ಅನಿಸುತ್ತದೆ. ಮೃದು ಅಂಚಿನಲ್ಲಿ ಹಳೆ ಗ್ರೇನ್ ಮತ್ತು ತಂದು ಹಾಕಿದ ಗ್ರೇನ್ ಬೆರೆಯುತ್ತವೆ. ಒಂದರ ಕಪ್ಪು ಚುಕ್ಕೆಯನ್ನು ಇನ್ನೊಂದರ ಬಿಳಿ ಚುಕ್ಕೆ ತಿಂದುಹಾಕುತ್ತದೆ. ಎರಡೂ ಸಮವಾಗಿ ಬೆರೆತ ಕಡೆ ಗ್ರೇನ್‌ನ ಏರಿಳಿತ ಸುಮಾರು ಶೇ. 70ಕ್ಕೆ ಇಳಿಯುತ್ತದೆ. ಅದೇ ಜಾಗದ ಮೇಲೆ ನಾಲ್ಕು ಸಲ ಎಳೆದರೆ ಇನ್ನೂ ನುಣ್ಣಗಾಗುತ್ತದೆ.

ಗೋಡೆಗೆ ಹೀಗೆ ಮಾಡಿ. ಹೊಸ ಖಾಲಿ ಲೇಯರ್ ತೆಗೆದುಕೊಳ್ಳಿ. `Clone Stamp`ನಲ್ಲಿ `Sample` ಅನ್ನು `Current & Below` ಗೆ ಇಡಿ. ಓಪಾಸಿಟಿ 100, ಗಡಸುತನ 80ರಿಂದ 90. ಬ್ರಷ್ ಅಂಕಿಯ ಗೆರೆಗಿಂತ ತುಸು ದಪ್ಪ ಇದ್ದರೆ ಸಾಕು, ಇಡೀ ಅಂಕಿಯಷ್ಟು ಬೇಡ. ಪಕ್ಕದಲ್ಲೇ, ಅಷ್ಟೇ ಬೆಳಕಿರುವ ಗೋಡೆಯಿಂದ ಎತ್ತಿಕೊಳ್ಳಿ. ಬ್ರಷ್ ಎಳೆಯಬೇಡಿ, ಒಂದೊಂದೇ ಸಲ ಒತ್ತಿ. ಗಡಸು ಅಂಚು ಎದ್ದು ಕಾಣುತ್ತೆ ಅಂತ ಹೆದರಬೇಡಿ. ಬೆಳಕು ಸರಿಹೊಂದಿದ್ದರೆ ಗ್ರೇನೇ ಅದನ್ನು ಮುಚ್ಚುತ್ತದೆ.

ಅಂಕಿಯ ಸುತ್ತ ಕೆಂಪು ಮಬ್ಬು ಇರುತ್ತದೆ, ಅದನ್ನು ಬಿಟ್ಟುಬಿಡುವವರೇ ಜಾಸ್ತಿ. ಹೀಲಿಂಗ್ ಬ್ರಷ್ ಸುತ್ತಲಿನ ಬಣ್ಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಮಬ್ಬು ಹೊರಗೇ ಉಳಿದಿದ್ದರೆ ಗೋಡೆಗೆ ಕೆಂಪು ಕಲೆ ಬೀಳುತ್ತದೆ.

ಸದಸ್ಯ 1 ಹೇಳಿದ್ದು ಕೊನೆಯ ಉಪಾಯವಾಗಿ ಸರಿ. ಆದರೆ ಆ ನಾಯ್ಸ್ ಒಂದೊಂದು ಪಿಕ್ಸೆಲ್‌ನ ಚುಕ್ಕೆ. ಸ್ಕ್ಯಾನ್‌ನಲ್ಲಿ ಕಾಣುವ ಗ್ರೇನ್ ಹಲವು ಪಿಕ್ಸೆಲ್ ಅಗಲದ ಗುಂಪು. ಸುಮ್ನೆ ಹಾಕಿದರೆ ಮರಳು ಚೆಲ್ಲಿದ ಹಾಗಿರುತ್ತದೆ. ನಾಯ್ಸನ್ನು ಬೇರೆ ಲೇಯರ್‌ನಲ್ಲಿ ಹಾಕಿ, ಪಕ್ಕದ ಗ್ರೇನ್‌ಗೆ ಹೊಂದುವ ತನಕ ಸ್ವಲ್ಪ ಬ್ಲರ್ ಮಾಡಬೇಕು.

ಸದಸ್ಯ 3: ನನ್ನ ಫೋಟೋದಲ್ಲಿ ತಾರೀಖನ್ನು ಪೆನ್ನಿನಲ್ಲಿ ಬರೆದಿದ್ದಾರೆ, ನೀಲಿ ಶಾಯಿ. ಅದಕ್ಕೂ ಇದೇನಾ?

ರೀಟಚಿಂಗ್ ಕೆಲಸದವರು: ಕ್ಲೋನ್ ಕೆಲಸ ಅದೇ. ಆದರೆ ಶಾಯಿ ಚಿತ್ರದ ಮೇಲೆ ಕೂತಿದೆ. ಪ್ರಿಂಟನ್ನು ಉಜ್ಜಲು ಹೋಗಬೇಡಿ, ಸ್ಕ್ಯಾನ್‌ನಲ್ಲೇ ಸರಿಮಾಡಿ.

ಕೇಳಿದವರು: ಗೋಡೆ ಅರ್ಥವಾಯಿತು. ಫ್ರಾಕಿನ ಪಟ್ಟೆ? ಕ್ಲೋನ್ ಮಾಡಿದರೆ ಪಟ್ಟೆ ಸೊಟ್ಟಗಾಗುತ್ತದೆ.

ರೀಟಚಿಂಗ್ ಕೆಲಸದವರು: ಅಲ್ಲಿ ಮೊದಲು ಚಾನೆಲ್‌ಗಳನ್ನು ಒಂದೊಂದಾಗಿ ನೋಡಿ. ಕಿತ್ತಳೆ ಅಂಕಿ ಕೆಂಪು ಚಾನೆಲ್‌ನಲ್ಲಿ ಬೆಳ್ಳಗೆ ಸುಟ್ಟುಹೋಗಿರುತ್ತದೆ. ಹಸಿರಿನಲ್ಲಿ ಕಡಿಮೆ, ನೀಲಿಯಲ್ಲಿ ಸಾಮಾನ್ಯವಾಗಿ ಇನ್ನೂ ಕಡಿಮೆ. ನೀಲಿಯಲ್ಲಿ ಪಟ್ಟೆ ಕಂಡರೆ ಅದು ಎಲ್ಲಿ ತಿರುಗಿದೆ ಅಂತ ಊಹಿಸಬೇಕಿಲ್ಲ, ನೋಡಿಕೊಂಡೇ ಕ್ಲೋನ್ ಮಾಡಬಹುದು. ಫ್ರಾಕ್ ಕಪ್ಪು-ಬಿಳಿ ಪಟ್ಟೆಯದಾದರೆ ಆ ಜಾಗದಲ್ಲಿ ಮಾತ್ರ ನೀಲಿಯನ್ನು ಕೆಂಪಿಗೂ ಹಸಿರಿಗೂ ನಕಲು ಮಾಡಿ, ಬೆಳಕು ಹೊಂದಿಸಿಕೊಳ್ಳಬಹುದು. ಒಂದು ತೊಂದರೆ ಇದೆ. ಕಲರ್ ಫಿಲ್ಮ್‌ನಲ್ಲಿ ಮೂರು ಪದರಗಳ ಗ್ರೇನ್ ಬೇರೆ ಬೇರೆ. ಒಂದನ್ನೇ ಮೂರಕ್ಕೂ ಹಾಕಿದರೆ ಬಣ್ಣದ ಚುಕ್ಕೆ ಹೋಗಿ ಬೂದು ಚುಕ್ಕೆ ಉಳಿಯುತ್ತದೆ. ಸಣ್ಣ ಜಾಗಕ್ಕೆ ಪರವಾಗಿಲ್ಲ, ದೊಡ್ಡದಾದರೆ ಗೊತ್ತಾಗುತ್ತದೆ.

ಮುಗಿದ ಮೇಲೆ ಮೇಲ್ಗಡೆ ಒಂದು ಕರ್ವ್ಸ್ ಲೇಯರ್ ಇಟ್ಟು ಕಾಂಟ್ರಾಸ್ಟ್ ವಿಪರೀತ ಏರಿಸಿ. ನುಣುಪು ತೇಪೆ, ಉಳಿದ ಕೆಂಪು, ಒಂದೇ ಚುಕ್ಕೆ ಗುಂಪು ಎರಡು ಕಡೆ ಬಂದಿರುವುದು, ಎಲ್ಲ ಎದ್ದು ಕಾಣುತ್ತದೆ. ಆಮೇಲೆ ಆ ಲೇಯರ್ ತೆಗೆದುಬಿಡಿ. ಫೈಲ್ ಟಿಫ್ ಆಗಿರಲಿ. ಜೆಪೆಗ್ ಮತ್ತೆ ಮತ್ತೆ ಸೇವ್ ಮಾಡಿದರೂ ಗ್ರೇನ್ ಹಾಳಾಗುತ್ತದೆ.

ಸದಸ್ಯೆ 2: ತಾರೀಖು ತೆಗೆಯಲೇಬೇಕಾ? ಯಾವತ್ತಿನ ಫೋಟೋ ಅಂತ ಹೇಳಲು ಅದೊಂದೇ ಇರೋದು.

ರೀಟಚಿಂಗ್ ಕೆಲಸದವರು: ಮೂಲ ಸ್ಕ್ಯಾನ್ ಮುಟ್ಟದೆ ಇಡಿ, ತಾರೀಖನ್ನು ಫೈಲ್ ಹೆಸರಿನಲ್ಲೂ ಬರೆಯಿರಿ. ಕ್ಯಾಮೆರಾ ಗಡಿಯಾರ ತಪ್ಪಿರುವುದೂ ಉಂಟು, ಮನೆಯವರನ್ನು ಒಮ್ಮೆ ಕೇಳಿ.

ಕೇಳಿದವರು: ಗೋಡೆ ಚೆನ್ನಾಗಿ ಬಂತು, ಕಾಂಟ್ರಾಸ್ಟ್ ಏರಿಸಿದರೂ ತೇಪೆ ಕಾಣಲಿಲ್ಲ. ಫ್ರಾಕಿನಲ್ಲಿ 1 ಹೋಯ್ತು. 6ರ ಒಳಗಡೆ ನೀಲಿ ಚಾನೆಲ್‌ನಲ್ಲೂ ಬೆಳ್ಳಗಿದೆ, ಪಟ್ಟೆ ಕಾಣುತ್ತಿಲ್ಲ. ಅದನ್ನು ಹಾಗೇ ಬಿಡಲೋ, ಊಹಿಸಿ ಬಿಡಿಸಲೋ ಇನ್ನೂ ಗೊತ್ತಾಗುತ್ತಿಲ್ಲ. ಅಕ್ಕನ ಹತ್ತಿರ ಅದೇ ಫ್ರಾಕಿನ ಇನ್ನೊಂದು ಫೋಟೋ ಇದೆಯಂತೆ, ತರಿಸಿ ನೋಡುತ್ತೇನೆ.