ಕೌಂಟರಿನ ಎನ್‌ಎಫ್‌ಸಿ ಸ್ಟಿಕ್ಕರ್: ನನ್ನ ಫೋನಿನಲ್ಲಿ ಸರಿ, ಗಿರಾಕಿಗಳ ಫೋನಿನಲ್ಲಿ ಬೇರೆಯೇ ಏನೋ ತೆರೆಯುತ್ತದೆ

ಕಾಫಿಪುಡಿ_ಸಾಗರ

ನಮ್ಮದು ಸಾಗರದಲ್ಲಿ ಸಣ್ಣ ಕಾಫಿ ಪುಡಿ ಅಂಗಡಿ. ಫೋನ್ ತಾಗಿಸಿದ ಕೂಡಲೇ ಹಣ ಕಟ್ಟುವ ಪುಟ ತೆರೆಯಲಿ ಎಂದು ಹತ್ತು NTAG213 ಸ್ಟಿಕ್ಕರ್ ತರಿಸಿದ್ದೇನೆ. ಒಂದು ವಿಡಿಯೋ ನೋಡಿ, ಅದರಲ್ಲಿ ಹೇಳಿದಂತೆಯೇ ಯುಪಿಐ ಕೊಂಡಿಯನ್ನೂ ಅದರ ಕೆಳಗೆ ನಾನು ಬಳಸುವ ಪಾವತಿ ಆ್ಯಪನ್ನೂ ಬರೆದೆ. ಐಡಿ ಬದಲಿಸಿ ತೋರಿಸುತ್ತಿದ್ದೇನೆ:

```
upi://pay?pa=kaapi@bank&pn=Coffee%20Pudi%20Angadi&cu=INR
```

ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಸೊಗಸಾಗಿ ತೆರೆಯುತ್ತದೆ. ಆದರೆ ನಿನ್ನೆ ಬಂದ ಒಬ್ಬ ಅಜ್ಜನ ಫೋನ್ ನೇರ ಪ್ಲೇ ಸ್ಟೋರಿಗೆ ಹೋಯಿತು. ಐಫೋನ್ ತಾಗಿಸಿದವರಿಗೆ ಏನೂ ಆಗಲಿಲ್ಲ. ತಕ್ಕಡಿಯ ಸ್ಟೀಲ್ ಬದಿಗೆ ಅಂಟಿಸಿದ ಸ್ಟಿಕ್ಕರ್ ಯಾವ ಫೋನಿಗೂ ಸಿಗುವುದಿಲ್ಲ. ಬರೆದದ್ದು ತಪ್ಪೋ, ಸ್ಟಿಕ್ಕರೇ ಕಳಪೆಯೋ?

ಬೆಸುಗೆ_ಬಸವರಾಜ

ಎಲ್ಲಕ್ಕೂ ಕಾರಣ ಲೋಹ. ಸಾಮಾನ್ಯ ಸ್ಟಿಕ್ಕರಿನ ಸುರುಳಿಗೆ ಬೆನ್ನ ಹಿಂದೆಯೇ ಸ್ಟೀಲ್ ಬಂದರೆ ಫೋನಿನಿಂದ ಬರುವ ಶಕ್ತಿ ದಕ್ಕುವುದಿಲ್ಲ. ಫೆರೈಟ್ ಪದರವಿರುವ, ಲೋಹದ ಮೇಲೆ ಅಂಟಿಸುವಂಥ ಸ್ಟಿಕ್ಕರನ್ನೇ ಕೇಳಿ ತರಿಸಿ. ಹತ್ತನ್ನೂ ಬದಲಿಸಿಬಿಡಿ.

ವಿಮಲಾ_ದಾವಣಗೆರೆ

ನಮ್ಮ ಬಟ್ಟೆ ಅಂಗಡಿಯಲ್ಲಿಯೂ ಇದೇ ಗೋಳು. 5,000 ರೂಪಾಯಿ ದಾಟಿದರೆ ತಾಗಿಸಿದ ಮೇಲೂ ಪಿನ್ ಕೇಳುತ್ತದೆ. ನಿಮ್ಮ ಬ್ಯಾಂಕಿಗೆ ಹೇಳಿ ಮಿತಿ ಹೆಚ್ಚಿಸಿಕೊಳ್ಳಿ.

ತಂತಿ_ತಜ್ಞ

ವಿಮಲಾ ಮೇಡಂ, ನೀವು ಹೇಳುತ್ತಿರುವುದು ಕಾರ್ಡನ್ನು ಸ್ವೈಪ್ ಯಂತ್ರಕ್ಕೆ ತಾಗಿಸುವ ವಿಚಾರ. ಆ 5,000ದ ಮಿತಿ 2021ರ ಜನವರಿಯಿಂದ ಕಾರ್ಡಿಗೆ ಬಂದದ್ದು. ಇಲ್ಲಿ ಸ್ಟಿಕ್ಕರ್ ಹಣವನ್ನೇ ಮುಟ್ಟುವುದಿಲ್ಲ. ಅದರೊಳಗೆ ಇರುವುದು ಒಂದು ಸಾಲಿನ ವಿಳಾಸ ಮಾತ್ರ. ಅದನ್ನು ಓದಿ ಏನು ತೆರೆಯಬೇಕೆಂದು ತೀರ್ಮಾನಿಸುವುದು ಗಿರಾಕಿಯ ಫೋನ್. ಹಾಗಾಗಿಯೇ ಫೋನಿಗೊಂದು ನಡವಳಿಕೆ.

ಬಸವರಾಜಣ್ಣ ಹೇಳಿದ್ದು ತಕ್ಕಡಿಯ ಸ್ಟಿಕ್ಕರಿಗೆ ಮಾತ್ರ ಸರಿ. ಅಜ್ಜನ ಫೋನ್ ಪ್ಲೇ ಸ್ಟೋರಿಗೆ ಹೋಗಿದೆ ಎಂದರೆ ಸ್ಟಿಕ್ಕರನ್ನು ಓದಿಯೇ ಹೋಗಿದೆ. ಅಲ್ಲಿ ಲೋಹದ ತಪ್ಪೇನೂ ಇಲ್ಲ.

ಸಾಗರದವರೇ, ನೀವು ಎರಡನೆಯದಾಗಿ ಬರೆದ ಆ ಆ್ಯಪ್ ದಾಖಲೆಯೇ ತಪ್ಪು. ಟ್ಯಾಗ್ ಓದುವ ಯಾವುದಾದರೂ ಆ್ಯಪಿನಲ್ಲಿ ಸ್ಟಿಕ್ಕರನ್ನು ತೆರೆದರೆ ಎರಡನೆಯ ದಾಖಲೆಯ ಬಗೆ `android.com:pkg` ಎಂದು ಕಾಣುತ್ತದೆ. ಅದು ಕಂಡರೆ ಆಂಡ್ರಾಯ್ಡ್ ಬೇರೆ ಯಾವ ಆ್ಯಪನ್ನೂ ಕೇಳುವುದಿಲ್ಲ, ಆ ಒಂದನ್ನೇ ಹುಡುಕುತ್ತದೆ. ಇಲ್ಲದಿದ್ದರೆ ಇಳಿಸಿಕೊಳ್ಳಿ ಎಂದು ಪ್ಲೇ ಸ್ಟೋರಿಗೆ ಕಳುಹಿಸುತ್ತದೆ. ನಿಮ್ಮ ಫೋನಿನಲ್ಲಿ ಆ ಆ್ಯಪ್ ಇದೆ, ಅಜ್ಜನ ಫೋನಿನಲ್ಲಿ ಇಲ್ಲ. ಆ ದಾಖಲೆಯನ್ನು ಅಳಿಸಿದರೆ `upi://` ಬಲ್ಲ ಆ್ಯಪುಗಳ ಪಟ್ಟಿ ಬರುತ್ತದೆ, ಗಿರಾಕಿ ತನ್ನದನ್ನು ಆರಿಸಿಕೊಳ್ಳುತ್ತಾನೆ.

ಐಫೋನಿನ ಕಥೆ ಬೇರೆ. ಸ್ಟಿಕ್ಕರನ್ನು ತಾನಾಗಿ ಓದುವುದು 2018ರ XS ಮತ್ತು XR ಮಾದರಿಗಳಿಂದ ಈಚೆಗೆ. ಹಾಗೆ ಓದುವಾಗ `https://` ವಿಳಾಸವನ್ನು ಒಪ್ಪುತ್ತದೆ, `upi://` ಥರದ ಆ್ಯಪುಗಳ ಸ್ವಂತ ವಿಳಾಸಗಳನ್ನು ಒಪ್ಪುವುದಿಲ್ಲ. ನೀವು ಎಷ್ಟು ಸಲ ಬರೆದರೂ ಅಲ್ಲಿ ಕೆಲಸ ಮಾಡದು.

ಕಾಫಿಪುಡಿ_ಸಾಗರ

ಆ್ಯಪ್ ದಾಖಲೆ ಅಳಿಸಿದೆ ಸರ್. ನನ್ನ ಫೋನಿನಲ್ಲಿ ಮೂರು ಆ್ಯಪುಗಳ ಪಟ್ಟಿ ಬಂತು. ತಮ್ಮನ ಫೋನಿನಲ್ಲಿ ಮಾತ್ರ ಪಟ್ಟಿ ಬರದೆ ಒಂದೇ ಆ್ಯಪ್ ತೆರೆಯುತ್ತದೆ.

ಗಿರಾಕಿಗಳಿಗೆ ಚೆನ್ನಾಗಿ ಕಾಣಲಿ ಎಂದು ಅಂಗಡಿಯ ಹೆಸರನ್ನು ಕನ್ನಡದಲ್ಲಿ ಬರೆಯಲು ಹೋದರೆ ಜಾಗ ಸಾಲದು ಎನ್ನುತ್ತದೆ. ಅದೇ ಹೆಸರಲ್ಲವೇ?

ತಂತಿ_ತಜ್ಞ

ತಮ್ಮ ಎಂದೋ ಒಮ್ಮೆ ಪಟ್ಟಿಯಲ್ಲಿ ‘ಯಾವಾಗಲೂ’ ಎಂದು ಒತ್ತಿರಬೇಕು. ಫೋನಿನ ಸೆಟ್ಟಿಂಗ್‌ನಲ್ಲಿ ಆ ಆ್ಯಪನ್ನು ಆರಿಸಿ, ಅದರ ಪೂರ್ವನಿಯೋಜಿತ ಆಯ್ಕೆಯನ್ನು ತೆಗೆದರೆ ಪಟ್ಟಿ ಮರಳುತ್ತದೆ. ಗಿರಾಕಿಯ ಫೋನಿನಲ್ಲಿ ಹೀಗಾದರೆ ಚಿಂತೆ ಬೇಡ, ಅದು ಆತನೇ ಮಾಡಿಕೊಂಡ ಆಯ್ಕೆ.

ಕನ್ನಡದ ಹೆಸರಿನ ಲೆಕ್ಕ ನೋಡಿ. ವಿಳಾಸದೊಳಗೆ ಕನ್ನಡ ಹಾಗೆಯೇ ಕೂರುವುದಿಲ್ಲ. ‘ಕ’ ಎಂಬ ಒಂದಕ್ಷರ `%E0%B2%95` ಆಗುತ್ತದೆ, ಅಂದರೆ ಒಂಬತ್ತು ಬೈಟ್. ಕಾಗುಣಿತದ ಗುರುತಿಗೆ ಮತ್ತೆ ಒಂಬತ್ತು. ‘ಕಾಫಿ ಪುಡಿ ಅಂಗಡಿ’ ಹದಿಮೂರು ಗುರುತು, ಎರಡು ಖಾಲಿ ಜಾಗ: 123 ಬೈಟ್. ಉಳಿದ ಕೊಂಡಿಯೊಂದಿಗೆ 157. NTAG213 ಹಿಡಿಯುವುದೇ 144. ನೀವು ಮೊದಲು ಬರೆದದ್ದು ಬರೀ 56. ನನಗೂ ಕನ್ನಡದಲ್ಲೇ ಇರಲಿ ಎಂಬ ಆಸೆ. ಅದಕ್ಕೆ NTAG215 ಕೊಳ್ಳಬಹುದು, 504 ಬೈಟ್ ಇದೆ.

ಆದರೆ ನನ್ನ ಸಲಹೆ ಬೇರೆ. ಸ್ಟಿಕ್ಕರಿನಲ್ಲಿ ನಿಮ್ಮದೇ ಒಂದು ಚಿಕ್ಕ `https://` ಪುಟದ ವಿಳಾಸ ಬರೆಯಿರಿ. ಅಂಗಡಿಯ ಹೆಸರು ಆ ಪುಟದ ಮೇಲೆ ಕನ್ನಡದಲ್ಲಿ ಎಷ್ಟು ದೊಡ್ಡದಾಗಿ ಬೇಕಾದರೂ ಇರಲಿ. ಕೆಳಗೆ ಒಂದು ಗುಂಡಿ:

```html
<a href="upi://pay?pa=kaapi@bank&amp;pn=Coffee%20Pudi%20Angadi&amp;cu=INR">ಹಣ ಪಾವತಿಸಿ</a>
```

ಪುಟ ತೆರೆದೊಡನೆ ತಾನಾಗಿ ಆ್ಯಪಿಗೆ ಹಾರುವಂತೆ ಮಾಡಲು ಹೋಗಬೇಡಿ. ಗಿರಾಕಿ ಬೆರಳಿಡದೆ ಹಾರುವುದನ್ನು ಬ್ರೌಸರುಗಳು ಆಗಾಗ ತಡೆಯುತ್ತವೆ, ಆಗ ಗಿರಾಕಿಯ ಮುಂದೆ ಬಿಳಿ ಪುಟ ಉಳಿಯುತ್ತದೆ. ಐಫೋನಿನಲ್ಲಿ `upi://` ಗುಂಡಿ ಒತ್ತಿದರೆ ಪಟ್ಟಿ ಬರುವುದಿಲ್ಲ, ಇರುವ ಆ್ಯಪುಗಳಲ್ಲಿ ಯಾವುದೋ ಒಂದು ತೆರೆಯುತ್ತದೆ. ಆದ್ದರಿಂದ ಐಫೋನಿನವರಿಗೆ ಆ್ಯಪಿಗೊಂದರಂತೆ ಬೇರೆ ಗುಂಡಿಗಳನ್ನು ಇಡಬೇಕು.

ಕಾಫಿಪುಡಿ_ಸಾಗರ

ಪುಟ ಮಾಡಿಸಿದೆ. ಆಂಡ್ರಾಯ್ಡ್‌ಗಳೆಲ್ಲ ಸರಿ. ಇವತ್ತು ಬಂದ ಐದು ಐಫೋನ್‌ಗಳಲ್ಲಿ ಮೂರು ಓದಿದವು, ಎರಡು ಓದಲಿಲ್ಲ. ಆ ಎರಡೂ ಹೊಸ ಫೋನ್‌ಗಳೇ.

ಮೈಸೂರು_ಮಂಜುಳಾ

ಅವರು ಕ್ಯಾಮೆರಾ ತೆರೆದಿದ್ದರೇ? ನಮ್ಮ ಬೇಕರಿಯಲ್ಲಿ ಒಂದು ವಾರ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು ಇದು. ಕ್ಯೂಆರ್ ಫಲಕದ ಪಕ್ಕದಲ್ಲೇ ಸ್ಟಿಕ್ಕರ್ ಇತ್ತು. ಜನ ಅಭ್ಯಾಸಬಲದಿಂದ ಕ್ಯಾಮೆರಾ ತೆರೆದುಕೊಂಡೇ ಹತ್ತಿರ ಬರುತ್ತಿದ್ದರು. ಕ್ಯಾಮೆರಾ ನಡೆಯುತ್ತಿರುವಾಗ ಐಫೋನ್ ಸ್ಟಿಕ್ಕರನ್ನು ಓದುವುದಿಲ್ಲ. ಇನ್ನೊಂದು, ಐಫೋನಿನ ಮೇಲಂಚನ್ನು ತಾಗಿಸಬೇಕು. ಬೆನ್ನಿನ ನಡುಭಾಗ ಒತ್ತಿ ಹಿಡಿದರೆ ಪ್ರಯೋಜನವಿಲ್ಲ. ನಾವು ಸ್ಟಿಕ್ಕರನ್ನು ಕ್ಯೂಆರ್‌ನಿಂದ ಎರಡು ಗೇಣು ದೂರಕ್ಕೆ ಸರಿಸಿ, ‘ಫೋನಿನ ತಲೆ ಇಲ್ಲಿಡಿ’ ಎಂದು ಬರೆದೆವು.

ಕಾಫಿಪುಡಿ_ಸಾಗರ

ಹೌದು ಮೇಡಂ! ಒಬ್ಬರ ಪರದೆಯಲ್ಲಿ ನಮ್ಮ ಕೌಂಟರ್ ಕಾಣುತ್ತಿದ್ದದ್ದು ಈಗ ನೆನಪಾಯಿತು. ನಾಳೆಯೇ ಸರಿಸುತ್ತೇನೆ.

ರಾತ್ರಿಪಾಳಿ

ನನ್ನದು ಟೈಲರ್ ಅಂಗಡಿ, ಇದೇ ರೀತಿ ಪುಟ ಮಾಡಿಕೊಂಡಿದ್ದೇನೆ. ಆ್ಯಪ್ ತೆರೆಯುತ್ತದೆ, ಹೆಸರು ಸರಿ ಬರುತ್ತದೆ, ಪಿನ್ ಹಾಕಿದ ಮೇಲೆ ಒಂದು ಆ್ಯಪಿನಲ್ಲಿ ಮಾತ್ರ ವಹಿವಾಟು ವಿಫಲವಾಗುತ್ತದೆ. ಅದೇ ಐಡಿಯ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಹಣ ಹೋಗುತ್ತದೆ. ನನ್ನದು ವೈಯಕ್ತಿಕ ಯುಪಿಐ ಐಡಿ.

ತಂತಿ_ತಜ್ಞ

ವೈಯಕ್ತಿಕ ಐಡಿಗೆ ಕೊಂಡಿಯ ಮೂಲಕ ಬರುವ ಪಾವತಿಯನ್ನು ಕೆಲವು ಆ್ಯಪುಗಳು ಅನುಮಾನದಿಂದ ನೋಡುತ್ತವೆ. ವ್ಯಾಪಾರಿ ಐಡಿ ಮಾಡಿಸಿದ ಇಬ್ಬರಿಗೆ ಈ ತೊಂದರೆ ಹೋಗಿದ್ದನ್ನು ನಾನೇ ಕಂಡಿದ್ದೇನೆ, ಒಬ್ಬರಿಗೆ ಹೋಗಲಿಲ್ಲ. ಮೊದಲು ವ್ಯಾಪಾರಿ ಐಡಿಯಿಂದ ಒಂದು ರೂಪಾಯಿ ಕಳುಹಿಸಿ ನೋಡಿ, ಫಲಿತಾಂಶ ಇಲ್ಲೇ ತಿಳಿಸಿ.

ಸಾಗರದವರೇ, ಎಲ್ಲ ಸರಿ ಬಂದ ಮೇಲೆ ಸ್ಟಿಕ್ಕರಿಗೆ ಬರವಣಿಗೆಯ ಬೀಗ ಹಾಕಿ. ಹಾಕದಿದ್ದರೆ ಕೌಂಟರಿಗೆ ಬಂದ ಯಾರೇ ಆಗಲಿ ತಮ್ಮ ಫೋನಿನಿಂದ ಕ್ಷಣದಲ್ಲಿ ಬೇರೆ ವಿಳಾಸ ಬರೆದುಹೋಗಬಹುದು. ಆ ಬೀಗವನ್ನು ಮತ್ತೆ ತೆಗೆಯಲು ಬರುವುದಿಲ್ಲ, ಆದ್ದರಿಂದ ಕಾಗುಣಿತ ಎರಡು ಸಲ ನೋಡಿ. ಮುಂದೆ ಬ್ಯಾಂಕ್ ಬದಲಿಸಿದರೆ ಪುಟವನ್ನಷ್ಟೇ ತಿದ್ದಿದರೆ ಸಾಕು. ಡೊಮೇನ್ ನವೀಕರಿಸುವುದನ್ನು ಮಾತ್ರ ಮರೆಯಬೇಡಿ. ಅದು ಕೈತಪ್ಪಿ ಬೇರೆಯವರು ಕೊಂಡರೆ ಬೀಗ ಹಾಕಿದ ಹತ್ತು ಸ್ಟಿಕ್ಕರೂ ಅವರ ಪುಟವನ್ನೇ ತೆರೆಯುತ್ತವೆ.

ಬೆಸುಗೆ_ಬಸವರಾಜ

ತಕ್ಕಡಿಗೆ ಫೆರೈಟಿನದು ಒಂದು ಸಾಕು ಎಂದಾಯಿತು. ಉಳಿದವು ಗಾಜಿನ ಮೇಲಿದ್ದರೆ ಹಾಗೆಯೇ ಇರಲಿ.

ರಾತ್ರಿಪಾಳಿ

ವ್ಯಾಪಾರಿ ಐಡಿಗೆ ಇವತ್ತು ಅರ್ಜಿ ಹಾಕಿದೆ. ಬಂದ ಮೇಲೆ ಬರೆಯುತ್ತೇನೆ.