ಪದಚರ್ಚೆ: ‘ಸೋಂಕು ಕಲ್ಲು’ ಅಂದರೆ ಸೋಂಕಿನಿಂದ ಹುಟ್ಟಿದ್ದೋ, ಸೋಂಕು ತಗುಲಿದ್ದೋ?

ಹಾಸನದಿಂದ, ಪ್ರಶ್ನೆ:

ಬಳಗದವರಿಗೆ ನಮಸ್ಕಾರ. ಮೂತ್ರಪಿಂಡದಲ್ಲಿ ಕಲ್ಲಾದವರಿಗೆ ಕೊಡುವ ಕೈಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಇಬ್ಬರ ಉದಾಹರಣೆ ಇದೆ. ಒಬ್ಬ 17 ವರ್ಷದ ಹುಡುಗ. ಅವನಿಗೆ ಕಲ್ಲಾಗಿರುವುದು ಇದು ಮೂರನೇ ಸಲ, ಅವನ ಅಕ್ಕನಿಗೂ ಇದೇ ತೊಂದರೆ. ಅವನ ಕಾಯಿಲೆ ಸಿಸ್ಟಿನ್ಯೂರಿಯಾ. ‘ಮೂತ್ರದಲ್ಲಿ ಆರು ಮೂಲೆಯ ಹರಳು ಕಂಡವು’ ಎಂದು ಬರೆದೆ. ಓದಿದ ನನ್ನ ತಾಯಿ, ‘ಕಲ್ಲು ಬಿದ್ದುಹೋಯ್ತಲ್ಲ, ಇನ್ನೇನು ಚಿಂತೆ?’ ಅಂದರು. ನಮ್ಮ ಮನೆಮಾತಿನಲ್ಲಿ ಹರಳು ಅಂದರೆ ಕಲ್ಲೇ. ಇನ್ನೊಬ್ಬರು 52ರ ಮಹಿಳೆ. ಪದೇ ಪದೇ ಉರಿಮೂತ್ರ, ಸ್ಕ್ಯಾನಿನಲ್ಲಿ ಜಿಂಕೆಯ ಕೊಂಬಿನಂತೆ ಕವಲೊಡೆದ ಕಲ್ಲು. ಆ ಸ್ಟ್ರೂವೈಟ್ ಕಲ್ಲನ್ನು ‘ಸೋಂಕು ಕಲ್ಲು’ ಎಂದರೆ ಸಾಕೆ?

ಧಾರವಾಡದಿಂದ, ನಿವೃತ್ತ ಅಧ್ಯಾಪಕರು:

ಸಾಕ್ರಿ. ಕಲ್ಲಿದ್ದಲ್ಲಿ ಸೋಂಕು ಇದ್ದರ ಅದು ಸೋಂಕು ಕಲ್ಲೇ. ಇನ್ನ ‘ಸಿಸ್ಟ್’ ಅಂದರ ಗುಳ್ಳೆ, ಹಂಗಾಗಿ ಸಿಸ್ಟಿನ್ಯೂರಿಯಾಕ್ಕ ‘ಗುಳ್ಳೆಮೂತ್ರ’ ಅನ್ನಬಹುದು.

ಮಂಗಳೂರಿನಿಂದ, ಲ್ಯಾಬ್ ಟೆಕ್ನಿಷಿಯನ್:

ಅಧ್ಯಾಪಕರು ಹೇಳಿದ ಮೂಲ ಸರಿಯೇ, ಅರ್ಥ ಮಾತ್ರ ಬೇರೆ. ‘ಸಿಸ್ಟ್’, ‘ಸಿಸ್ಟಿನ್’ ಎರಡೂ ಪದ ಚೀಲ ಎನ್ನುವ ಒಂದೇ ಗ್ರೀಕ್ ಮಾತಿನಿಂದ ಬಂದಿವೆ, ಆದರೆ ಇಲ್ಲಿ ಆ ಚೀಲ ಮೂತ್ರಕೋಶ. 1810ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ವೊಲಾಸ್ಟನ್ ಮೂತ್ರಕೋಶದ ಕಲ್ಲೊಂದರಲ್ಲಿ ಈ ವಸ್ತುವನ್ನು ಗುರುತಿಸಿದ್ದರಿಂದ ಆ ಹೆಸರು ಅಂಟಿತು. ಗುಳ್ಳೆಗೂ ಈ ಕಾಯಿಲೆಗೂ ಸಂಬಂಧವಿಲ್ಲ. ಸಿಸ್ಟಿನ್ ಎಂಬ ಅಮೈನೋ ಆಮ್ಲವನ್ನು ಮೂತ್ರಪಿಂಡ ರಕ್ತಕ್ಕೆ ಹಿಂತಿರುಗಿಸಲಾರದೆ ಮೂತ್ರಕ್ಕೆ ಬಿಟ್ಟುಬಿಡುತ್ತದೆ, ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ.

ಹರಳಿನ ವಿಷಯದಲ್ಲಿ ನಿಮ್ಮ ತಾಯಿ ನಿಜವಾದ ಕಷ್ಟವನ್ನೇ ತೋರಿಸಿದ್ದಾರೆ. ನಾನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಕಣ್ಣಿಗೆ ಕಾಣದ ಕಣ. ಆಕ್ಸಲೇಟ್ ಕಣಗಳು ಆರೋಗ್ಯವಂತರಲ್ಲೂ ಕಾಣುತ್ತವೆ. ಆದರೆ ಬಣ್ಣವಿಲ್ಲದ, ಚಪ್ಪಟೆಯಾದ ಆರು ಮೂಲೆಯ ಸಿಸ್ಟಿನ್ ಕಣ ಆರೋಗ್ಯವಂತರ ಮೂತ್ರದಲ್ಲಿ ಇರುವುದಿಲ್ಲ, ಒಂದು ಕಂಡರೂ ವೈದ್ಯರಿಗೆ ತಿಳಿಸುತ್ತೇವೆ. ಕಾಣದಿದ್ದರೆ ಕಾಯಿಲೆ ಇಲ್ಲ ಎನ್ನುವಂತೆಯೂ ಇಲ್ಲ. ಆಮೇಲೆ 24 ಗಂಟೆಯ ಮೂತ್ರ ಕೂಡಿಸಿ ಅಳೆಯುತ್ತಾರೆ. ಸಾಮಾನ್ಯವಾಗಿ ದಿನಕ್ಕೆ 30 ಮಿಲಿಗ್ರಾಂ ಒಳಗಿರುವ ಸಿಸ್ಟಿನ್ ಇಂಥವರಲ್ಲಿ 400 ದಾಟಿರುತ್ತದೆ.

‘ಸೋಂಕು ಕಲ್ಲು’ ನನಗೆ ಒಪ್ಪಿಗೆಯಿಲ್ಲ. ಯಾವ ಕಲ್ಲಿಗೂ ಸೋಂಕು ತಗುಲಬಹುದು. ಉರಿಮೂತ್ರಕ್ಕೆ ಅತಿ ಸಾಮಾನ್ಯ ಕಾರಣವಾದ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಯೂರಿಯಾವನ್ನು ಒಡೆಯುವುದಿಲ್ಲ. ಪ್ರೋಟಿಯಸ್‌ನಂಥವು ಒಡೆಯುತ್ತವೆ, ಅದರಿಂದ ಅಮೋನಿಯಾ ಹುಟ್ಟಿ ಮೂತ್ರ ಕ್ಷಾರವಾಗುತ್ತದೆ, ಆಗ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಕಲ್ಲು ಕಟ್ಟುತ್ತದೆ. ಆ ಮಹಿಳೆಯ ಮೂತ್ರ ಎಷ್ಟು ಕ್ಷಾರ ಎಂದು ತೋರಿಸುವ ಪಿಎಚ್, ಯಾವ ಬ್ಯಾಕ್ಟೀರಿಯಾ ಎಂದು ತೋರಿಸುವ ಕಲ್ಚರ್ ಎರಡೂ ಕೈಪತ್ರದಲ್ಲಿ ಇರಬೇಕಲ್ಲ?

ಹಾಸನದಿಂದ:

ಇವೆ. ಪಿಎಚ್ 8, ಕಲ್ಚರ್‌ನಲ್ಲಿ ಪ್ರೋಟಿಯಸ್. ಹುಡುಗನದು 5.5.

ದಾವಣಗೆರೆಯಿಂದ:

ನನಗೂ ಹೋದ ವರ್ಷ ಕಲ್ಲಾಗಿತ್ತು. ಒಂದು ಲ್ಯಾಬಿನವರು ಪಿಎಚ್ 8, ಫಾಸ್ಫೇಟ್ ಹರಳು ಇದೆ ಅಂತ ಬರೆದಿದ್ದರು. ಹಾಗಾದರೆ ನಂದೂ ಸ್ಟ್ರೂವೈಟೇ? ಬೆಳಗ್ಗೆ ಹಿಡಿದ ಮೂತ್ರವನ್ನು ಮಧ್ಯಾಹ್ನ ಕೊಟ್ಟು ಬಂದಿದ್ದೆ. ಉರಿ ಇರಲಿಲ್ಲ. ಮನೆಯಲ್ಲಿ ಉಳಿದಿರುವ ಆಲ್ಕಲೈಸರ್ ಸಿರಪ್ ಈಗ ಕುಡಿಯಬಹುದೆ?

ಮಂಗಳೂರಿನಿಂದ:

ಅಣ್ಣಾ, ಆ ರಿಪೋರ್ಟ್ ಒಂದರಿಂದ ಹಾಗೆ ಹೇಳಲಿಕ್ಕೆ ಆಗುವುದಿಲ್ಲ. ಮೂತ್ರವನ್ನು ಹೊರಗೆ ಹಾಗೇ ಇಟ್ಟರೆ ಡಬ್ಬಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ಪಿಎಚ್ ಏರಬಹುದು, ಶವಪೆಟ್ಟಿಗೆಯ ಮುಚ್ಚಳದಂಥ ಫಾಸ್ಫೇಟ್ ಕಣಗಳೂ ಮೂಡಬಹುದು. ಹೊಸದಾಗಿ ಹಿಡಿದ ಮೂತ್ರವನ್ನು ಕೂಡಲೇ ಕೊಟ್ಟು, ಜೊತೆಗೆ ಕಲ್ಚರ್ ಮಾಡಿಸಿ. ಬಿದ್ದ ಕಲ್ಲು ಇಟ್ಟುಕೊಂಡಿದ್ದರೆ ಅದರ ಪರೀಕ್ಷೆಯೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಮೂತ್ರವನ್ನು ಕ್ಷಾರವಾಗಿಸುವ ಆ ಸಿರಪ್ಪನ್ನು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಸಿಸ್ಟಿನ್ ಕರಗಲು ಮೂತ್ರ ಕ್ಷಾರದ ಕಡೆಗೆ, ಪಿಎಚ್ 7ರ ಮೇಲೆ ಹೋಗಬೇಕು. ಸ್ಟ್ರೂವೈಟ್ ಕಟ್ಟುವುದೇ ಕ್ಷಾರದಲ್ಲಿ. ಹುಡುಗನಿಗೆ ಔಷಧವಾಗುವ ಕ್ಷಾರ ಆ ಮಹಿಳೆಗೆ ಕೇಡಾಗಬಹುದು. ಹೆಸರಿನ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದೂ ಅದಕ್ಕೇ.

ಧಾರವಾಡದಿಂದ:

ಗುಳ್ಳೆಮೂತ್ರ ಹಿಂದಕ್ಕ ತಗೊಂಡೆ. ಆದರ ‘ಸೋಂಕುಜನ್ಯ’ ಅಂತ ಬರದರ ಹಳ್ಳಿಯವರು ಓದೂದುಲ್ಲ. ‘ಸೋಂಕಿನಿಂದ ಕಟ್ಟಿದ ಕಲ್ಲು’ ಅನ್ರಿ. ಉದ್ದ ಆದರೂ ಅರ್ಥ ತಪ್ಪೂದುಲ್ಲ.

ಹಾಸನದಿಂದ:

ಅದನ್ನೇ ಇಟ್ಟುಕೊಳ್ಳುತ್ತೇನೆ. ಮೊದಲ ಸಲ ಬಂದಾಗ ಪಕ್ಕದಲ್ಲಿ ‘ಸ್ಟ್ರೂವೈಟ್’ ಎಂದೂ ಬರೆಯುತ್ತೇನೆ, ಏಕೆಂದರೆ ರಿಪೋರ್ಟಿನಲ್ಲಿ ಇರುವುದು ಆ ಹೆಸರೇ. ಸಿಸ್ಟಿನ್ಯೂರಿಯಾವನ್ನು ಹಾಗೇ ಬಿಡುತ್ತೇನೆ. ಸೂಕ್ಷ್ಮದರ್ಶಕದಲ್ಲಿ ಕಾಣುವುದಕ್ಕೆ ‘ಹರಳು’ ತೆಗೆದು ‘ಹರಳಿನ ಕಣ’ ಎಂದು ಬರೆದು ತಾಯಿಗೆ ಮತ್ತೆ ಓದಿಸಿದೆ. ‘ಕಲ್ಲು ಪುಡಿಯಾಗಿದೆಯಾ?’ ಅಂದರು. ‘ಸ್ಫಟಿಕ’ ಅಂದರೆ ದೇವರ ಮನೆಯ ಮಾಲೆ ನೆನಪಾಗುತ್ತದಂತೆ. ಇದೊಂದಕ್ಕೆ ಬೇರೆ ಪದ ಹೊಳೆದರೆ ದಯವಿಟ್ಟು ತಿಳಿಸಿ, ಕೈಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.