ಸಹಾಯ ಬೇಕು: ಪ್ಲಾನಿನಲ್ಲಿ 1:100 ಅಂತಿದೆ, ಆದರೆ ಅಳತೆ ಕೂಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕಂಟ್ರಾಕ್ಟರ್ ಒಬ್ಬರ ಹತ್ತಿರ ಎಸ್ಟಿಮೇಟ್ ಕೆಲಸ ಕಲಿಯುತ್ತಿದ್ದೇನೆ. ಒಂದು ಮನೆಯ ಪ್ಲಾನಿನ ಪ್ರಿಂಟ್ ಕೈಗೆ ಬಂದಿದೆ. ಮೂಲೆಯಲ್ಲಿ ಸ್ಕೇಲ್ 1:100, ಹಾಳೆ ಎ3 ಅಂತ ಬರೆದಿದೆ. ಆದರೆ ಪ್ರಿಂಟ್ ಇರುವುದು ಎ4ನಲ್ಲಿ.

ಕಾಂಪೌಂಡ್ ಗೋಡೆಯ ಒಂದು ಬದಿಗೆ ಅಳತೆಯನ್ನೇ ಬರೆದಿಲ್ಲ. ಅಡಿಪಟ್ಟಿ ಇಟ್ಟರೆ 118 ಮಿ.ಮೀ. ಬಂತು. 1:100ರಂತೆ 11.8 ಮೀಟರ್ ಅಂತ ಬರೆದುಕೊಂಡೆ. ಆಮೇಲೆ ಅನುಮಾನ ಬಂದು, ಅಳತೆ ಬರೆದಿರುವ ಗೋಡೆಗಳನ್ನೂ ಅಳೆದು ನೋಡಿದೆ. 12 ಮೀಟರ್ ಅಂತ ಬರೆದಿರುವ ಉದ್ದನೆ ಗೋಡೆ 83 ಮಿ.ಮೀ. ಇದೆ. ಅಂದರೆ ಸ್ಕೇಲ್ ಸುಮಾರು 1:145. ಅಡ್ಡಕ್ಕಿರುವ 9 ಮೀಟರ್ ಗೋಡೆ 62 ಮಿ.ಮೀ., ಅದೂ 145ರ ಹತ್ತಿರವೇ. 3 ಮೀಟರ್ ರೂಮು ಮಾತ್ರ 21 ಮಿ.ಮೀ. ಬಂದು 143 ಆಗುತ್ತಿದೆ. ಚಿಕ್ಕ ಗೆರೆಯಲ್ಲಿ ಅರ್ಧ ಮಿ.ಮೀ. ತಪ್ಪಿದರೂ ವ್ಯತ್ಯಾಸ ಜಾಸ್ತಿ ಕಾಣುತ್ತದೆ, ಅಲ್ವಾ?

145 ಹಿಡಿದರೆ ಆ ಗೋಡೆ 17.1 ಮೀಟರ್. ಐದು ಮೀಟರಿಗೂ ಜಾಸ್ತಿ ವ್ಯತ್ಯಾಸ! ಕಲ್ಲು, ಸಿಮೆಂಟ್ ಎಲ್ಲದರ ಲೆಕ್ಕವೂ ತಪ್ಪುತ್ತದೆ. ಮೂಲ ಡ್ರಾಯಿಂಗ್ ಕೇಳಿದ್ದೇನೆ, ಇನ್ನೂ ಸಿಕ್ಕಿಲ್ಲ.

ನನ್ನ ಗೊಂದಲ ಇಷ್ಟೇ. ಉದ್ದನೆ ಗೋಡೆಯಿಂದ ಬಂದ 145ನ್ನೇ ಹಿಡಿಯಬೇಕಾ, ಮೂರರ ಸರಾಸರಿ ತೆಗೆಯಬೇಕಾ? ಅದೇ ಹಾಳೆಯಲ್ಲಿ 1:50 ಅಂತಿರುವ ಸೆಕ್ಷನ್ನನ್ನು 1:72.5 ಅಂತ ಓದಬಹುದಾ?